ಹಿಂದೆ ಇಟ್ಟರೂ ಟ್ರ್ಯಾಕ್ಟರ್ ಸಣ್ಣದಾಗಲ್ಲ

ಕಲಬುರಗಿ ಗಂಜ್‌ನಲ್ಲಿ ತೊಗರಿ ವ್ಯಾಪಾರ ಮಾಡುವವರೊಬ್ಬರು ಆ್ಯಪ್ ಮಾಡಿಸಿದ್ದರು. ಚೀಲ ಕಾಟಾ ಮೇಲೆ ತೂಗಿದ ಕೂಡಲೇ ರೈತರ ಮೊಬೈಲಿಗೆ ತೂಕದ ಚೀಟಿ ಹೋಗುತ್ತದೆ. ಈ ಒಂದು ಸೌಲಭ್ಯ ತೋರಿಸುವ ಐಸೊಮೆಟ್ರಿಕ್ ಚಿತ್ರ, ಅಂದರೆ ಮೇಲಿನ ಮೂಲೆಯಿಂದ ನೋಡಿದಂತೆ ವಸ್ತುಗಳ ಮೂರು ಮುಖ ಕಾಣುವ ಚಿತ್ರ, ಪ್ಲೇ ಸ್ಟೋರ್ ಪುಟಕ್ಕೆ ಬೇಕಿತ್ತು. ಅವರು ಕಳಿಸಿದ ವಿವರಣೆಯಲ್ಲಿ ಹೊಲ, ಟ್ರ್ಯಾಕ್ಟರ್, ದಾಲ್ ಮಿಲ್, ಬ್ಯಾಂಕ್ ಎಲ್ಲ ಇದ್ದವು. ಜಾಸ್ತಿ ಆಯ್ತಲ್ವಾ ಅಂದೆ.

"ಹಿಂದ ಇಡ್ರಿ ಸರ, ದೂರದಾಗ ಸಣ್ಣದು ಕಾಣಸ್ತದ."

ಈ ಮಾತು ಎಷ್ಟು ಸಲ ಕೇಳಿದ್ದೇನೋ! ಫೋಟೊದಲ್ಲಿ ದೂರದ್ದು ಸಣ್ಣದಾಗುತ್ತದೆ, ನಿಜ. ಐಸೊಮೆಟ್ರಿಕ್‌ನಲ್ಲಿ ಆಗಲ್ಲ. ಇಲ್ಲಿ ನೆಲದ ಗೆರೆಗಳು ಎಡಕ್ಕೂ ಬಲಕ್ಕೂ 30 ಡಿಗ್ರಿ ಓರೆಯಾಗಿ ಹೋಗುತ್ತವೆ. ರೈಲು ಹಳಿ ದೂರದಲ್ಲಿ ಕೂಡಿದಂತೆ ಕಾಣುತ್ತಲ್ಲ, ಹಾಗೆ ಇವು ಎಲ್ಲೂ ಕೂಡಲ್ಲ. ಅದಕ್ಕೇ ಹಿಂದಿನ ಟ್ರ್ಯಾಕ್ಟರ್ ಮುಂದಿನದರಷ್ಟೇ ದೊಡ್ಡದು. ಚಿತ್ರದಲ್ಲಿ ಸ್ವಲ್ಪ ಮೇಲಕ್ಕೆ ಸರಿಯುತ್ತದೆ, ಅಷ್ಟೇ. ಅವರೆದುರೇ ಹಾಳೆ ಮೇಲೆ ಎರಡು ಚೀಲ ಬರೆದು ಸ್ಕೇಲ್ ಇಟ್ಟು ಅಳೆದು ತೋರಿಸಿದೆ. ಎರಡೂ ಒಂದೇ ಅಳತೆ. ಆಗ ಒಪ್ಪಿದರು.

ಯಾವುದೂ ತಾನಾಗಿ ಹಿಂದೆ ಸರಿಯಲ್ಲ ಅಂದ ಮೇಲೆ, ಯಾವುದು ಮುಖ್ಯ ಅಂತ ವಿವರಣೆಯೇ ಹೇಳಬೇಕು. ಕೊನೆಗೆ ಕೂತು ಹೀಗೆ ಬರೆದೆವು:

"ಎಡಕ್ಕೆ ಕಾಟಾ, ಅದರ ಮೇಲೆ ಒಂದೇ ತೊಗರಿ ಚೀಲ. ಬಲಕ್ಕೆ ಬಾಗಿಲಿನಷ್ಟು ಎತ್ತರದ ಮೊಬೈಲ್, ಪಕ್ಕದಲ್ಲಿ ರೈತ. ಕಾಟಾದಿಂದ ಹೊರಟ ಚೀಟಿ ಅರ್ಧ ಮೊಬೈಲಿನೊಳಗೆ ಹೋಗಿದೆ. ಚೀಟಿ ಮಾತ್ರ ಕಿತ್ತಳೆ ಬಣ್ಣ, ಉಳಿದದ್ದೆಲ್ಲ ತಿಳಿ ಬೂದು. ಬೆಳಕು ಎಡದಿಂದ. ಅಕ್ಷರ ಬೇಡ, ಚೀಟಿ ಮೇಲೆ 50 ಅನ್ನುವ ಅಂಕಿ ಸಾಕು."

ಮೊಬೈಲ್ ಬಾಗಿಲಿನಷ್ಟು ಎತ್ತರ ಹೇಗೆ ಅಂತ ಕೇಳಿದರು. ಗಾತ್ರ ನೋಡಿ ದೂರ ಅಳೆಯುವ ದಾರಿ ಈ ಚಿತ್ರದಲ್ಲಿ ಇಲ್ಲವಲ್ಲ, ಹಾಗಾಗಿ ದೊಡ್ಡ ಮೊಬೈಲ್ ಕಣ್ಣಿಗೆ ಅಷ್ಟು ಚುಚ್ಚಲ್ಲ. ಇದು ಈ ಶೈಲಿ ಕೊಡುವ ದೊಡ್ಡ ಅನುಕೂಲ. ಅಕ್ಷರ ಬೇಡ ಅಂದದ್ದು ಯಾಕಂದರೆ, ಓರೆ ಮುಖದ ಮೇಲೆ ಅಕ್ಷರವೂ ಓರೆಯಾಗುತ್ತದೆ. ಕನ್ನಡದ ಒತ್ತಕ್ಷರ ಸಣ್ಣ ಗಾತ್ರದಲ್ಲಿ ಕಲಸಿಹೋಗುತ್ತದೆ.

ಪ್ಲೇ ಸ್ಟೋರ್ ಕೇಳುವ ಆ ಅಡ್ಡ ಚಿತ್ರ 1024×500 ಪಿಕ್ಸೆಲ್. ನೋಡುವವರು ಮೊಬೈಲಿನಲ್ಲಿ ನೋಡುತ್ತಾರೆ. ಅದಕ್ಕೆ ಕರಡನ್ನು ಹೆಬ್ಬೆರಳಿನಷ್ಟು ಸಣ್ಣದು ಮಾಡಿ, ವಿಷಯ ಗೊತ್ತಿಲ್ಲದವರಿಗೆ ತೋರಿಸಿ. ಏನು ನಡೀತಿದೆ ಅಂತ ಕೇಳಿ. "ಮೊಬೈಲು, ಚೀಲ, ಮನುಷ್ಯ" ಅಂತ ವಸ್ತುಗಳ ಹೆಸರಷ್ಟೇ ಬಂದರೆ ಕೆಲಸ ಬಾಕಿ ಇದೆ. ನಮ್ಮ ಓಣಿಯ ಕಿರಾಣಿ ಅಂಗಡಿಯ ಅಕ್ಕ ನೋಡಿದ ಕೂಡಲೇ, "ತೂಕದ ಚೀಟಿ ಮೊಬೈಲಿಗೆ ಹೊಂಟದ" ಅಂದರು.

ಬ್ಯಾಂಕ್ ಬಿಟ್ಟದ್ದಕ್ಕೆ ಆ ವ್ಯಾಪಾರಿಗೆ ಇನ್ನೂ ಬೇಸರವಿದೆ. ಹಣ ಜಮೆಯಾಗುವುದು ಬೇರೆ ಸೌಲಭ್ಯ. ಅದಕ್ಕೆ ಬೇರೆ ಚಿತ್ರ ಬರೆಯುತ್ತಿದ್ದೇನೆ.