ಕೇಬಲ್ ಕೇಳಿದವರಿಗೆ ಚಾರ್ಜರ್ ತೋರಿಸುವ ಮೊದಲು

ದುಡ್ಡು ಕೊಟ್ಟು ಚಿಲ್ಲರೆಗಾಗಿ ಕೈಚಾಚಿದ ಗಿರಾಕಿಗೆ "ಕವರ್ ಬೇಡವೇ? ಇಯರ್‌ಫೋನ್ ತೋರಿಸಲೇ? ಪವರ್ ಬ್ಯಾಂಕ್ ಕಡಿಮೆಗೆ ಇದೆ" ಎಂದು ಶುರುಮಾಡುವ ಹುಡುಗರನ್ನು ಮಂಗಳೂರಿನ ಹಂಪನಕಟ್ಟೆಯಿಂದ ಉಡುಪಿಯ ಸರ್ವೀಸ್ ಬಸ್ ನಿಲ್ದಾಣದವರೆಗೆ ಎಲ್ಲ ಮೊಬೈಲ್ ಅಂಗಡಿಗಳಲ್ಲೂ ನೋಡಬಹುದು. ಆ ಹೊತ್ತಿಗೆ ಗಿರಾಕಿಯ ಮನಸ್ಸು ಅಂಗಡಿಯ ಮೆಟ್ಟಿಲು ಇಳಿದಾಗಿರುತ್ತದೆ. ಹೊರಗೆ ಬಸ್ಸಿನ ನಿರ್ವಾಹಕ "ಕುಂದಾಪುರ, ಕುಂದಾಪುರ" ಎಂದು ಕೂಗುತ್ತಿರುತ್ತಾನೆ. ಹೀಗೆ ಕೇಳಿ ಮಾರಾಟವಾಗುವುದು ಬಹಳ ಕಡಿಮೆ, ಮುಖ ಸಿಂಡರಿಸಿಕೊಂಡು ಹೋಗುವವರೇ ಹೆಚ್ಚು.

ಹಾಗೆಂದು ಕೇಳಿದ್ದನ್ನಷ್ಟೇ ಕೊಟ್ಟು ಕಳುಹಿಸಿದರೆ ಅಂಗಡಿ ನಡೆಯುವುದಿಲ್ಲ. ಹೊಸ ಫೋನ್ ಮಾರಿದರೆ ಉಳಿಯುವುದು ಅಲ್ಪ. ಬಾಡಿಗೆ, ಸಂಬಳ, ಕರೆಂಟ್ ಬಿಲ್ ಎಲ್ಲವೂ ಹುಟ್ಟಬೇಕಾದದ್ದು ಕೇಬಲ್, ಗ್ಲಾಸ್, ಕವರ್, ಚಾರ್ಜರ್‌ಗಳಿಂದ. ಆದ್ದರಿಂದ ಜೊತೆಗೆ ಇನ್ನೊಂದನ್ನು ಮಾರಲೇಬೇಕು. ಯಾವುದನ್ನು, ಯಾವ ಕ್ಷಣದಲ್ಲಿ ಎಂಬುದಷ್ಟೇ ಪ್ರಶ್ನೆ. ನಮ್ಮಲ್ಲಿ ಅತಿ ಹೆಚ್ಚು ಕೇಳಿಬರುವ ಒಂದೇ ಒಂದು ಬೇಡಿಕೆಯನ್ನು ಹಿಡಿದುಕೊಂಡು ಇದನ್ನು ವಿವರಿಸುತ್ತೇನೆ: "ಒಂದು ಚಾರ್ಜಿಂಗ್ ಕೇಬಲ್ ಕೊಡಿ."

ಇದನ್ನು ಕೇಳಿದ ತಕ್ಷಣ ಗೋಡೆಯಿಂದ ಕೇಬಲ್ ತೆಗೆಯಬಾರದೆಂದು ನಮ್ಮ ಹುಡುಗರಿಗೆ ಹೇಳಿದ್ದೇನೆ. ಮೊದಲು ಒಂದು ಪ್ರಶ್ನೆ ಕೇಳಬೇಕು: "ಅಕ್ಕ, ಕೇಬಲ್ ಅಲುಗಾಡಿಸಿದರೆ ಮಾತ್ರ ಚಾರ್ಜ್ ಆಗುತ್ತದೆಯೇ, ಅಥವಾ ಆಗುತ್ತದೆ ಆದರೆ ನಿಧಾನವೇ?" ಇವೆರಡೂ ಬೇರೆ ಬೇರೆ ಕಾಯಿಲೆಗಳು. ಅಲುಗಾಡಿಸಬೇಕು ಎಂದರೆ ದೋಷ ಕೇಬಲ್ಲಿನ ತುದಿಯಲ್ಲಿದೆ, ಇಲ್ಲವೇ ಫೋನಿನ ಚಾರ್ಜಿಂಗ್ ಪಿನ್‌ನಲ್ಲಿದೆ. ನಿಧಾನ ಎಂದರೆ ಅನುಮಾನ ಅಡಾಪ್ಟರ್ ಕಡೆಗೆ ಹೆಚ್ಚು ತಿರುಗಬೇಕು. ಈ ಪ್ರಶ್ನೆಗೆ ಯಾರೂ ರೇಗಿದ್ದನ್ನು ನಾನು ಕಂಡಿಲ್ಲ. ತಮ್ಮ ತೊಂದರೆಯನ್ನು ಹೇಳಿಕೊಳ್ಳಲು ಎಲ್ಲರಿಗೂ ಇಷ್ಟವೇ.

ಬ್ರಹ್ಮಾವರದ ಕಡೆಯ ಒಬ್ಬ ಗಿರಾಕಿಯ ಉದಾಹರಣೆ ನೋಡಿ. ಸ್ಯಾಮ್‌ಸಂಗ್‌ನ ಎ ಸರಣಿಯ ಫೋನ್, ಪೆಟ್ಟಿಗೆಯಲ್ಲಿ ಚಾರ್ಜರ್ ಇಲ್ಲದೆ ಬಂದದ್ದು. ಮನೆಯಲ್ಲಿದ್ದ ಹಳೆಯ ಫೋನಿನ 10 ವಾಟ್ ಅಡಾಪ್ಟರಿನಲ್ಲೇ ನಡೆಸುತ್ತಿದ್ದರು. ಕೇಬಲ್ ಸಡಿಲ, ಚಾರ್ಜೂ ನಿಧಾನ, ಎರಡೂ ಇದೆ ಎಂದರು. ಕೇಳಿದ್ದು ನೂರೈವತ್ತು ರೂಪಾಯಿಯ ಒಂದು ಕೇಬಲ್. ಹಳೆಯ ಕೇಬಲ್ ಮತ್ತು ಅಡಾಪ್ಟರ್ ಚೀಲದಲ್ಲೇ ಇದ್ದದ್ದು ನಮ್ಮ ಪುಣ್ಯ.

ಮೊದಲ ಕೆಲಸ, ಅವರ ಅನುಮತಿ ಕೇಳಿ ಫೋನ್ ಆಫ್ ಮಾಡಿ ಚಾರ್ಜಿಂಗ್ ಪಿನ್‌ಗೆ ಟಾರ್ಚ್ ಹಾಕಿ ನೋಡುವುದು. ಜೇಬಿನ, ಚೀಲದ ನೂಲುಧೂಳು ಅಲ್ಲಿ ಸೇರಿ, ಪ್ರತಿ ಸಲ ಕೇಬಲ್ ಚುಚ್ಚಿದಾಗಲೂ ಒಳಕ್ಕೆ ಒತ್ತಿಕೊಂಡು ಗಟ್ಟಿಯಾಗಿರುತ್ತದೆ. ಕೇಬಲ್ ಪೂರ್ತಿ ಒಳಗೆ ಹೋಗದೆ ಸಡಿಲವೆನಿಸುವುದು ಅದರಿಂದ. ಮರದ ತೆಳುವಾದ ಹಲ್ಲುಕಡ್ಡಿಯಿಂದ ಬದಿಯಲ್ಲಿ ಮೆಲ್ಲನೆ ಕೆರೆದು ತೆಗೆಯಬೇಕು. ಸೂಜಿ, ಸಿಮ್ ತೆಗೆಯುವ ಪಿನ್ ಮುಂತಾದ ಲೋಹದ್ದನ್ನು ಹಾಕಿದರೆ ಒಳಗಿನ ಸಂಪರ್ಕಗಳು ಬಾಗುತ್ತವೆ. ಇದಕ್ಕೆ ನಾವು ಹಣ ತೆಗೆದುಕೊಳ್ಳುವುದಿಲ್ಲ. ಕಸ ಹೊರಬಂದ ಮೇಲೆ ಕೇಬಲ್ ಟಕ್ಕನೆ ಕೂತರೆ, "ಅಕ್ಕ, ಸಡಿಲವಾಗಿದ್ದದ್ದು ಇದರಿಂದ, ಅದಕ್ಕಾಗಿ ಕೇಬಲ್ ಬೇಕಾಗಿಲ್ಲ" ಎಂದು ಹೇಳಿಬಿಡಬೇಕು. ಅನೇಕರು ಅಲ್ಲಿಂದಲೇ ಧನ್ಯವಾದ ಹೇಳಿ ಹೋಗುತ್ತಾರೆ. ಹೋಗಲಿ.

ಇವರ ವಿಷಯ ಅಲ್ಲಿಗೆ ಮುಗಿಯಲಿಲ್ಲ. ನಮ್ಮ ಕೌಂಟರಿನಲ್ಲಿ ಕೇಬಲ್ ಮತ್ತು ಫೋನಿನ ನಡುವೆ ಸಿಕ್ಕಿಸುವ ಬೆರಳುದ್ದದ ಒಂದು ಮೀಟರ್ ಇದೆ. ಎಷ್ಟು ವಾಟ್ ಹರಿಯುತ್ತಿದೆ ಎಂದು ತೋರಿಸುತ್ತದೆ. ಅವರದೇ ಅಡಾಪ್ಟರ್, ಅವರದೇ ಕೇಬಲ್ ಹಾಕಿದಾಗ 4 ವಾಟ್ ಬಂತು. ಅದೇ ಅಡಾಪ್ಟರಿಗೆ ನಮ್ಮ ಕೇಬಲ್ ಹಾಕಿದಾಗ 9. ನಮ್ಮ 25 ವಾಟ್ ಅಡಾಪ್ಟರಿಗೆ ಎರಡೂ ತುದಿ ಟೈಪ್ ಸಿ ಇರುವ ಕೇಬಲ್ ಹಾಕಿದಾಗ 20ರ ಮೇಲೆ ಹೋಯಿತು, ಫೋನಿನ ಪರದೆಯಲ್ಲಿ Super fast charging ಎಂದು ಬಂತು. ಹುಡುಗ ಏನನ್ನೂ ಹೊಗಳಬೇಕಾಗಲಿಲ್ಲ. ಮೂರು ಅಂಕಿಗಳನ್ನು ಅವರೇ ಓದಿದರು.

ಇಲ್ಲಿ ಒಂದು ಮಾತನ್ನು ತಪ್ಪದೆ ಹೇಳಬೇಕು. ಹಳೆಯ ಅಡಾಪ್ಟರಿನದ್ದು ಅಗಲದ ಯುಎಸ್‌ಬಿ ತೂತು, ಹೊಸದರದ್ದು ಟೈಪ್ ಸಿ. ಇವತ್ತು ಹಳೆಯದಕ್ಕೆಂದು ನೂರೈವತ್ತರ ಕೇಬಲ್ ಕೊಂಡು, ಮುಂದಿನ ತಿಂಗಳು ಹೊಸ ಅಡಾಪ್ಟರ್ ಕೊಂಡರೆ ಈ ಕೇಬಲ್ ಅದಕ್ಕೆ ಹೊಂದುವುದಿಲ್ಲ. ಕೇಬಲ್ ಕೊಡುವ ಮೊದಲೇ ಅಡಾಪ್ಟರಿನ ವಿಷಯ ಎತ್ತಲು ಇದೇ ಕಾರಣ. ಬಿಲ್ ಆದ ಮೇಲೆ ಎತ್ತಿದರೆ, "ಇದನ್ನು ಆಗಲೇ ಹೇಳಬಾರದಿತ್ತೇ?" ಎಂಬ ಮಾತು ಬರುತ್ತದೆ, ಅದು ನ್ಯಾಯವೂ ಹೌದು. ನಾವು ಎರಡು ದಾರಿ ಇಟ್ಟೆವು: ನೂರೈವತ್ತರ ಕೇಬಲ್ ಒಂದೇ, ಈಗಿನದಕ್ಕಿಂತ ಎರಡು ಪಟ್ಟು ಬೇಗ, ಅಥವಾ ಅಡಾಪ್ಟರ್, ಸಿ-ಸಿ ಕೇಬಲ್ ಸೇರಿ ಸಾವಿರದ ಇನ್ನೂರು, ಸುಮಾರು ಒಂದೂವರೆ ಗಂಟೆಯಲ್ಲಿ ಪೂರ್ತಿ. ಮೂರನೆಯ ದಾರಿ ಇಡಬಾರದು. ಐದು ಬಗೆಯ ಅಡಾಪ್ಟರ್‌ಗಳನ್ನು ಕೌಂಟರಿನ ಮೇಲೆ ಹರಡಿದರೆ ಗಿರಾಕಿ "ಮನೆಯಲ್ಲಿ ಕೇಳಿ ಬರುತ್ತೇನೆ" ಎನ್ನುತ್ತಾರೆ.

ಅವರು ಯೋಚಿಸಿ ಕೇಬಲ್ ಒಂದೇ ಸಾಕೆಂದರು. ರಾತ್ರಿಯಿಡೀ ಚಾರ್ಜಿಗೆ ಇಡುವವರಿಗೆ 9 ವಾಟ್ ಧಾರಾಳ ಸಾಕು, ಅದು ಸರಿಯಾದ ತೀರ್ಮಾನವೇ. ಆಗ ಹುಡುಗ ಮಾಡಬಾರದ ಒಂದು ಕೆಲಸವಿದೆ: ಬೆಲೆ ಇಳಿಸುವುದು. "ಬೇಡ ಮಾರಾಯ್ರೇ" ಎಂದ ಮೇಲೆ "ನಿಮಗೆ ಒಂಬೈನೂರಕ್ಕೆ ಕೊಡುತ್ತೇನೆ" ಎಂದರೆ, ಮೊದಲು ಹೇಳಿದ ಸಾವಿರದ ಇನ್ನೂರು ಸುಳ್ಳು ಎಂದು ನಾವೇ ಒಪ್ಪಿಕೊಂಡಂತೆ. ಆಮೇಲೆ ಅವರಿಗೆ ನೂರೈವತ್ತರ ಕೇಬಲ್ಲಿನ ಬೆಲೆಯ ಮೇಲೂ ಅನುಮಾನ ಹುಟ್ಟುತ್ತದೆ. ಬೇಡ ಎಂದರೆ ಬೇಡ. ಬಿಲ್ಲಿನ ಹಿಂದೆ "25 ವಾಟ್, ಸಿ-ಸಿ" ಎಂದು ಬರೆದುಕೊಟ್ಟರೆ ಸಾಕು.

ಮೀಟರ್ ಇದ್ದ ಮಾತ್ರಕ್ಕೆ ಎಲ್ಲವೂ ಸರಿಯಾಗಿ ತಿಳಿಯುತ್ತದೆ ಎಂದಲ್ಲ. ಬ್ಯಾಟರಿ 80 ಶೇಕಡಾ ದಾಟಿದ್ದರೆ ಫೋನ್ ತಾನಾಗಿಯೇ ವೇಗ ಕಡಿಮೆ ಮಾಡಿಕೊಳ್ಳುತ್ತದೆ. ಬಿಸಿಲಿನಲ್ಲಿ ಸ್ಕೂಟರಿನ ಮೇಲೆ ಇಟ್ಟುಕೊಂಡು ಬಂದ ಫೋನ್ ಬಿಸಿಯಾಗಿದ್ದರೂ ಹಾಗೆಯೇ. ಆಗ ಎಂತಹ ಅಡಾಪ್ಟರ್ ಹಾಕಿದರೂ ಅಂಕಿ ಕೆಳಗೇ ಇರುತ್ತದೆ, ಅದನ್ನು ತೋರಿಸಿ ಹಳೆಯದು ಕೆಟ್ಟಿದೆ ಎನ್ನುವುದು ಮೋಸ. ಅರ್ಧಕ್ಕಿಂತ ಕಡಿಮೆ ಚಾರ್ಜ್ ಇರುವ, ತಣ್ಣಗಿರುವ ಫೋನಿನಲ್ಲಿ ಮಾತ್ರ ಈ ಪರೀಕ್ಷೆಗೆ ಅರ್ಥವಿದೆ.

ಇದಕ್ಕಿಂತ ದೊಡ್ಡ ಗುಂಡಿ ಇನ್ನೊಂದಿದೆ. ಒಪ್ಪೋ, ರಿಯಲ್‌ಮಿ, ಒನ್‌ಪ್ಲಸ್, ವಿವೋ ಮುಂತಾದ ಕಂಪನಿಗಳ ವೇಗದ ಚಾರ್ಜಿಂಗ್ ಅವರವರದೇ ಕ್ರಮದಲ್ಲಿ ನಡೆಯುತ್ತದೆ. ಅದಕ್ಕೆ ಅವರದೇ ಅಡಾಪ್ಟರ್, ಕೆಲವೊಮ್ಮೆ ಅವರದೇ ಕೇಬಲ್ ಬೇಕು. ಬೇರೆ ಕಂಪನಿಯ 65 ವಾಟ್ ಅಡಾಪ್ಟರಿಗೆ ಹಾಕಿದರೆ ಅನೇಕ ಮಾದರಿಗಳು 10 ಅಥವಾ 18 ವಾಟಿನಲ್ಲೇ ನಿಂತುಬಿಡುತ್ತವೆ. "65 ವಾಟ್, ಎಲ್ಲ ಫೋನಿಗೂ ಆಗುತ್ತದೆ" ಎಂದು ಮೇಲಿನ ದರ್ಜೆಯದನ್ನು ದಾಟಿಸಿದ ಅಂಗಡಿಗೆ ಗಿರಾಕಿ ಮರುದಿನವೇ ಬರುತ್ತಾರೆ, ಕೈಯಲ್ಲಿ ಬಿಲ್ ಹಿಡಿದುಕೊಂಡು. ಹಾಗೆಯೇ 18 ವಾಟಿಗಿಂತ ಹೆಚ್ಚು ಎಳೆಯಲಾರದ ಫೋನಿಗೆ 65ರದ್ದನ್ನು ಕೊಟ್ಟರೆ ಫೋನಿಗೆ ಹಾನಿಯಿಲ್ಲ, ಆದರೆ ಜೇಬಿಗೆ ಹಾನಿ. ಮನೆಯಲ್ಲಿ ಟೈಪ್ ಸಿ ಲ್ಯಾಪ್‌ಟಾಪ್ ಇದ್ದರೆ ಮಾತ್ರ ಅದನ್ನು ತೋರಿಸಲು ಕಾರಣವಿದೆ. ಮಣಿಪಾಲದ ವಿದ್ಯಾರ್ಥಿಗಳಲ್ಲಿ ಇದನ್ನು ಕೇಳಿಯೇ ಕೇಳುತ್ತೇವೆ.

ಅಗ್ಗದ ಅಡಾಪ್ಟರನ್ನು ಬಿಟ್ಟು ದುಬಾರಿಯದನ್ನು ತೋರಿಸುವಾಗ ಹೇಳಬಹುದಾದ ಒಂದು ಗಟ್ಟಿ ಕಾರಣ ಅಡಾಪ್ಟರಿನ ಬೆನ್ನಿನ ಮೇಲೇ ಮುದ್ರಿತವಾಗಿರುತ್ತದೆ. ಭಾರತೀಯ ಮಾನಕ ಬ್ಯೂರೋ ಅಂದರೆ ಬಿಐಎಸ್‌ನ ಗುರುತಿನ ಜೊತೆ ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು, ಅದನ್ನು BIS Care ಆ್ಯಪ್‌ನಲ್ಲಿ ಹಾಕಿದರೆ ತಯಾರಕರು ಯಾರೆಂದು ಕಾಣುತ್ತದೆ. "ಇದು ಒಳ್ಳೆಯ ಕಂಪನಿ" ಎಂದು ಹತ್ತು ಸಲ ಹೇಳುವುದಕ್ಕಿಂತ ಗಿರಾಕಿಯ ಫೋನಿನಲ್ಲೇ ಅದನ್ನು ತೋರಿಸುವುದು ಮೇಲು. ಆದರೆ ಬಸ್ಸು ಕಾಯುತ್ತಿರುವವರಿಗೆ ಆ್ಯಪ್ ಹಾಕಿಸಲು ಹೊರಡಬೇಡಿ.

ಮಳೆಗಾಲದಲ್ಲಿ ಇದೇ ಕೇಬಲ್ ಕೇಳಿಕೆ ಬೇರೆ ವೇಷದಲ್ಲಿ ಬರುತ್ತದೆ. ಜೂನ್‌ನಿಂದ ನಮ್ಮ ಕರಾವಳಿಯಲ್ಲಿ ಜೇಬು, ಚೀಲ ಎಲ್ಲವೂ ಒದ್ದೆ. "ಚಾರ್ಜೇ ಆಗುತ್ತಿಲ್ಲ, ಕೇಬಲ್ ಹೋಯಿತು" ಎಂದು ಬಂದವರ ಪರದೆಯಲ್ಲಿ ನೀರಿನ ಹನಿಯ ಚಿತ್ರ ಇದ್ದರೆ ಕೇಬಲ್ಲಿನ ತಪ್ಪಲ್ಲ, ಚಾರ್ಜಿಂಗ್ ಪಿನ್‌ನಲ್ಲಿ ತೇವವಿದೆ, ಫೋನ್ ತನ್ನನ್ನು ಕಾಪಾಡಿಕೊಳ್ಳುತ್ತಿದೆ. ಫೋನನ್ನು ಚಾರ್ಜಿಂಗ್ ಪಿನ್ ಕೆಳಮುಖವಾಗಿರುವಂತೆ ಹಿಡಿದು ಅಂಗೈಗೆ ಮೆಲ್ಲಗೆ ತಟ್ಟಿ, ಫ್ಯಾನಿನ ಗಾಳಿಗೆ ಇಡಿ ಎಂದು ಹೇಳಿ ಕಳುಹಿಸಬೇಕು. ಹೇರ್ ಡ್ರೈಯರ್ ಬೇಡ. ಆಗ ಗಿರಾಕಿಯ ಕೈಯಲ್ಲಿ ಹೆಲ್ಮೆಟ್ ಇದ್ದರೆ, ನೀರು ತಾಗದ ಪ್ಲಾಸ್ಟಿಕ್ ಚೀಲವನ್ನು ಒಂದು ಸಲ ತೋರಿಸಬಹುದು. ಅದರೊಳಗೆ ಮಾತು ಮಂಕಾಗಿ ಕೇಳಿಸುತ್ತದೆ, ಒದ್ದೆ ಬೆರಳಿಗೆ ಪರದೆ ಸರಿಯಾಗಿ ಸ್ಪಂದಿಸುವುದಿಲ್ಲ ಎಂಬುದನ್ನೂ ಸೇರಿಸಿ ಹೇಳಿ.

ಗ್ಲಾಸ್ ಹಾಕಿಸಲು ಬಂದವರಲ್ಲೂ ಕ್ರಮ ಇದೇ. ಹೊಸ ಕವರ್ ತೋರಿಸುವ ಮೊದಲು ಅವರ ಕವರನ್ನು ಫೋನಿಗೆ ಹಾಕಿ ನೋಡಬೇಕು. ಅದರ ಅಂಚು ಒಳಕ್ಕೆ ಚಾಚಿದ್ದರೆ ಅಂಚಿನವರೆಗೂ ಬರುವ ಗ್ಲಾಸನ್ನು ಅದು ಮೇಲೆತ್ತುತ್ತದೆ, ಎರಡು ದಿನದಲ್ಲಿ ಗಾಳಿ ಹೊಕ್ಕು ಮೂಲೆ ಬಿಳಿಚುತ್ತದೆ. ಆಗ ಸ್ವಲ್ಪ ಕಿರಿದಾದ ಗ್ಲಾಸ್ ಅಥವಾ ಬೇರೆ ಕವರ್, ಎರಡರಲ್ಲಿ ಒಂದನ್ನು ಅವರೇ ಆರಿಸಲಿ. ಕ್ಯಾಮೆರಾಕ್ಕೆ ಅಂಟಿಸುವ ಗ್ಲಾಸನ್ನು ನಾನು ಕೇಳಿದವರಿಗೆ ಮಾತ್ರ ಕೊಡುತ್ತೇನೆ. ರಾತ್ರಿಯ ಚಿತ್ರಗಳಲ್ಲಿ ಬೀದಿದೀಪಗಳು ಮಬ್ಬಾಗಿ ಹರಡುತ್ತವೆ ಎಂಬ ದೂರು ಅದರಿಂದ ಬರುತ್ತದೆ.

ಇಷ್ಟೆಲ್ಲ ಹೇಳಿಕೊಟ್ಟರೂ ಹುಡುಗರು ಸಂಜೆ ಆರು ಗಂಟೆಯ ನೂಕುನುಗ್ಗಲಿನಲ್ಲಿ ಮರೆಯುತ್ತಾರೆ, ಅದರಲ್ಲೂ ಮಾರಿದ ತುಂಡಿನ ಲೆಕ್ಕದಲ್ಲಿ ಕಮಿಷನ್ ಸಿಗುವ ಕಡೆ. ತುಂಡಿಗೆ ಹತ್ತು ರೂಪಾಯಿ ಎಂದರೆ ಹುಡುಗ ಗಿರಾಕಿಯ ಫೋನನ್ನಲ್ಲ, ತನ್ನ ಹತ್ತು ರೂಪಾಯಿಯನ್ನು ನೋಡುತ್ತಾನೆ. ನಾವು ಕಮಿಷನ್ನನ್ನು ವಾರದ ಕೊನೆಗೆ ಕೊಡುತ್ತೇವೆ, ಅಷ್ಟರಲ್ಲಿ ವಾಪಸು ಬಂದ ಅಥವಾ ಬದಲಾಯಿಸಿಕೊಂಡು ಹೋದ ವಸ್ತುವಿನದ್ದನ್ನು ಕಳೆಯುತ್ತೇವೆ. ವಾಪಸು ಬಂದದ್ದರ ಕಾರಣವನ್ನು ಒಂದು ಪುಸ್ತಕದಲ್ಲಿ ಬರೆದಿಡುತ್ತೇವೆ: "ಫೋನಿಗೆ ಹೊಂದಲಿಲ್ಲ", "ವೇಗ ಬರಲಿಲ್ಲ", "ಗ್ಲಾಸ್ ಎದ್ದಿತು". ಒಂದೇ ಕಾರಣ ಮತ್ತೆ ಮತ್ತೆ ಕಂಡರೆ, ಆ ವಸ್ತುವನ್ನು ಕೌಂಟರಿನ ಮುಂದಿನಿಂದ ತೆಗೆದು ಹಿಂದಿನ ಕಪಾಟಿಗೆ ಹಾಕುತ್ತೇವೆ.