ಮೊದಲ ರ್‍ಯಾಕೆಟ್, ಮೊದಲ ಡಬ್ಬಿ ಶಟಲ್: ಚಿಕ್ಕಮಗಳೂರಿನಲ್ಲಿ ಬ್ಯಾಡ್ಮಿಂಟನ್ ಕಲಿಯುವವರಿಗೆ

ತೂಕದ ವಿಷಯ ಬೇಗ ಮುಗಿಯುತ್ತದೆ. ರ್‍ಯಾಕೆಟ್ ಮೇಲೆ 3ಯು, 4ಯು, 5ಯು ಅಂತ ಬರೆದಿರುತ್ತದೆ. ಅಂಕಿ ದೊಡ್ಡದಾದಷ್ಟೂ ರ್‍ಯಾಕೆಟ್ ಹಗುರ. 4ಯು ಅಂದರೆ 80ರಿಂದ 84 ಗ್ರಾಂ. ಹೊಸಬರು ಇದನ್ನೇ ಹಿಡಿಯಲಿ.

ಬ್ಯಾಲೆನ್ಸ್ ಮಾತ್ರ ಅಂಗಡಿಯಲ್ಲೇ ನೋಡಬೇಕು. ರ್‍ಯಾಕೆಟ್ಟನ್ನು ಒಂದು ಬೆರಳಿನ ಮೇಲೆ ಅಡ್ಡಲಾಗಿ ನಿಲ್ಲಿಸಿ, ಹಿಡಿಯ ತುದಿಯಿಂದ ಆ ಜಾಗಕ್ಕೆ ಎಷ್ಟು ದೂರ ಅಂತ ಅಳೆಯಿರಿ. ಸುಮಾರು 285ರಿಂದ 295 ಮಿ.ಮೀ. ಇದ್ದರೆ ಸಮತೂಕ. ಅದಕ್ಕಿಂತ ಜಾಸ್ತಿ ಇದ್ದರೆ ತಲೆ ಭಾರ. ಹೊಡೆತಕ್ಕೆ ಬಲ ಸಿಗುತ್ತದೆ, ಆದರೆ ನೆಟ್ ಹತ್ತಿರ ಕೈ ತಡವಾಗುತ್ತದೆ.

ನನ್ನ ತಮ್ಮನ ರ್‍ಯಾಕೆಟ್ ಗಟ್ಟಿಂಗ್ ಅಂದರೆ ದಾರ ಸೇರಿ 88 ಗ್ರಾಂ, ಬ್ಯಾಲೆನ್ಸ್ 295. ಕೈ ಬೆವರುತ್ತದೆ ಅಂತ ಹಿಡಿಗೆ 5 ಗ್ರಾಂನ ಓವರ್‌ಗ್ರಿಪ್ ಸುತ್ತಿದ. ಅದರ ಭಾರ ತುದಿಯಿಂದ ಸುಮಾರು 90 ಮಿ.ಮೀ. ದೂರದಲ್ಲಿ ಬಿತ್ತು ಅಂದುಕೊಳ್ಳಿ. 88ನ್ನು 295ರಿಂದ, 5ನ್ನು 90ರಿಂದ ಗುಣಿಸಿ ಕೂಡಿ, 93ರಿಂದ ಭಾಗಿಸಿದರೆ 284. ಒಂದು ಸುತ್ತಿಗೇ ಬ್ಯಾಲೆನ್ಸ್ ಒಂದು ಸೆಂ.ಮೀ.ಗಿಂತ ಜಾಸ್ತಿ ಹಿಂದಕ್ಕೆ ಬಂತು! ಹಾಗಾಗಿ ಓವರ್‌ಗ್ರಿಪ್ ಹಾಕುವವರು ಅಳತೆಯನ್ನು ಅದನ್ನು ಸುತ್ತಿದ ಮೇಲೇ ನಂಬಬೇಕು.

ಗಟ್ಟಿಂಗ್ ಬಿಗಿ 20ರಿಂದ 22 ಪೌಂಡ್ ಸಾಕು. ನಾನು ಶುರುವಿನಲ್ಲಿ ದೊಡ್ಡ ಆಟಗಾರನ ಥರ 26 ಹಾಕಿಸಿಕೊಂಡೆ. ದಾರ ಬಿಗಿಯಾದಷ್ಟೂ ಶಟಲ್ಲನ್ನು ಹಿಂದಕ್ಕೆ ಚಿಮ್ಮಿಸುವುದು ಕಡಿಮೆ, ಸರಿಯಾಗಿ ತಗಲುವ ಜಾಗವೂ ಚಿಕ್ಕದು. ಹಿಂದಿನ ಗೆರೆಯವರೆಗೆ ಎತ್ತರಕ್ಕೆ ಹೊಡೆಯಬೇಕಾದ ನನ್ನ ಕ್ಲಿಯರ್‌ಗಳೆಲ್ಲ ಅರ್ಧ ಕೋರ್ಟಿಗೇ ಬೀಳುತ್ತಿದ್ದವು, ಮೊಣಕೈ ನೋವು ಬೇರೆ.

ಶಟಲ್‌ಗೆ ಬಂದರೆ, ಗರಿಯದ್ದಕ್ಕೆ 16 ಗರಿ. ಹೊಸಬರ ಏಟು ಫ್ರೇಮಿಗೆ ತಗಲುವುದೇ ಜಾಸ್ತಿ. ಒಂದು ಗರಿ ಮುರಿದರೂ ಅದು ಓಲಾಡುತ್ತದೆ. ಅದಕ್ಕೇ ಮೊದಲು ನೈಲಾನ್. ಒಂದು ಕೊರತೆ ಇದೆ: ಗರಿಯದ್ದು ಕೊನೆಯಲ್ಲಿ ವೇಗ ಕಳೆದುಕೊಂಡು ನೆಟ್ಟಗೆ ಬೀಳುತ್ತದೆ, ನೈಲಾನ್ ಅಷ್ಟು ಕಡಿದಾಗಿ ಬೀಳುವುದಿಲ್ಲ. ಕ್ಲಿಯರ್ ಹಿಂದಿನ ಗೆರೆ ಮುಟ್ಟತೊಡಗಿದ ಮೇಲೆ ಗರಿಗೆ ಹೋಗಿ.

ನೈಲಾನ್ ಡಬ್ಬಿಯಲ್ಲಿ ಪಟ್ಟಿಯ ಬಣ್ಣ ನೋಡಿ: ಹಸಿರು ನಿಧಾನ, ನೀಲಿ ಮಧ್ಯಮ, ಕೆಂಪು ವೇಗ. ಚಳಿಗೆ ಗಾಳಿ ದಟ್ಟವಾಗಿ ಶಟಲ್ ನಿಧಾನವಾಗುತ್ತದೆ, ಅದಕ್ಕೇ ತಂಪು ಹೊತ್ತಿಗೆ ನೀಲಿ ಅನ್ನುವುದು ರೂಢಿ. ಆದರೆ ನಮ್ಮೂರು ಸಮುದ್ರ ಮಟ್ಟಕ್ಕಿಂತ ಸಾವಿರ ಮೀಟರ್ ಮೇಲಿದೆ. ಗಾಳಿ ತೆಳು, ಶಟಲ್ ಜಾಸ್ತಿ ದೂರ ಓಡುತ್ತದೆ. ಮಂಗಳೂರಿನ ನೆಂಟರು ಹೇಳಿದ ಬಣ್ಣವನ್ನು ಇಲ್ಲಿಗೆ ಸುಮ್ನೆ ತಂದರೆ ಆಗಲ್ಲ, ಅಲ್ವಾ? ಪರೀಕ್ಷೆ ಹೀಗೆ: ಚೆನ್ನಾಗಿ ಆಡುವ ಒಬ್ಬರು ಹಿಂದಿನ ಗೆರೆಯಿಂದ ಕೈ ಕೆಳಗಿನಿಂದ ಪೂರ್ತಿ ಬಲದಲ್ಲಿ, ಅಕ್ಕಪಕ್ಕದ ಗೆರೆಗೆ ಸಮಾನಾಂತರವಾಗಿ ಮೇಲಕ್ಕೆ ಹೊಡೆಯಲಿ. ಎದುರಿನ ಹಿಂದಿನ ಗೆರೆಗಿಂತ 53ರಿಂದ 99 ಸೆಂ.ಮೀ. ಒಳಗೆ ಬಿದ್ದರೆ ಸರಿ. ಗೆರೆ ದಾಟಿದರೆ ನೀಲಿಯ ಬದಲು ಹಸಿರು ಪಟ್ಟಿಯ ಡಬ್ಬಿ ತನ್ನಿ.