ಬ್ಯಾನರ್‌ನ ಎಡತುದಿಯೂ ಬೇಕು

ಮಸ್ಕತ್‌ನಲ್ಲಿ ಅರಬ್ಬಿ ಅನುವಾದ ನನ್ನ ಕೆಲಸ. ಒಂದು ಸಂಜೆ ವಾಟ್ಸಾಪ್‌ಗೆ ಎರಡು ಫೋಟೋ ಬಂದವು. ಒಂದು ಸಮಾರಂಭದ ಬ್ಯಾನರ್, ಇನ್ನೊಂದು ಕಾರ್ಯಕ್ರಮದ ಪಟ್ಟಿ. ಕಳಿಸಿದವರು ಕುಂದಾಪುರ ಕಡೆಯವರು, ಇಲ್ಲಿನ ಒಂದು ಕ್ಲಿನಿಕ್‌ನ ಮ್ಯಾನೇಜರ್. "ಸರ್, ನಾಳೆ ಹೊಸ ಕಟ್ಟಡದ ಉದ್ಘಾಟನೆ. ಸ್ವಾಗತ ಭಾಷಣ ನಾನೇ ಅರಬ್ಬಿಯಲ್ಲಿ ಮಾಡ್ಬೇಕು. ಕನ್ನಡ ಅಕ್ಷರದಲ್ಲಿ ಬರೆದು ಕೊಡ್ತೀರಾ?" ಎಂದು ಕೇಳಿದರು.

ಮೊದಲು ಬ್ಯಾನರ್ ನೋಡಿದೆ. ಎಡಗಡೆ ಒಂದು ಹೂಕುಂಡ ಅಡ್ಡ ಬಂದಿತ್ತು. ಅರಬ್ಬಿ ಸಾಲು ಬಲದಿಂದ ಶುರುವಾಗಿ ಎಡಕ್ಕೆ ಮುಗಿಯುತ್ತದೆ. ಹಾಗಾಗಿ ಎಡತುದಿ ಮುಚ್ಚಿದರೆ ಹೋಗುವುದು ಅತಿಥಿಯ ಹೆಸರಿನ ಕೊನೆಯ ಭಾಗ, ಅಂದರೆ ಮನೆತನದ ಹೆಸರು. ಒಮಾನ್‌ನಲ್ಲಿ ಜನ ಒಬ್ಬರನ್ನು ಗುರುತಿಸುವುದೇ ಅದರಿಂದ. ಊಹೆ ಮಾಡಿ ಬರೆಯುವ ಹಾಗಿಲ್ಲ. ಕುಂಡ ಸರಿಸಿ ಇನ್ನೊಂದು ಫೋಟೋ ತೆಗೆಯಿರಿ ಎಂದೆ.

ಬ್ಯಾನರ್‌ನಲ್ಲಿ ನಾನು ಮೊದಲು ಹುಡುಕುವ ಪದ 'ರಿಆಯ'. ಆಶ್ರಯ, ಪೋಷಣೆ ಎಂಬ ಅರ್ಥ. 'ತಹ್ತ ರಿಆಯತಿ' ಎಂದ ಮೇಲೆ ಒಬ್ಬರ ಬಿರುದು, ಹೆಸರು ಬಂದರೆ ಅವರೇ ಸಮಾರಂಭದ ಗೌರವ ಪೋಷಕರು. ಕೆಳಗೆ ಕಂಪನಿಗಳ ಲೋಗೋ ಪಕ್ಕದಲ್ಲೂ ಇದೇ ಪದ ಇರಬಹುದು. ಅಲ್ಲಿ ಅದು ಪ್ರಾಯೋಜಕರು ಎಂದರ್ಥ. ಮ್ಯಾನೇಜರ್ ಎರಡನ್ನೂ ಒಂದೇ ಎಂದುಕೊಂಡಿದ್ದರು. ಪೋಷಕರನ್ನು ಭಾಷಣದ ಮೊದಲ ಮಾತಿನಲ್ಲೇ ಸಂಬೋಧಿಸಬೇಕು. ಪ್ರಾಯೋಜಕರಿಗೆ ಕೊನೆಯಲ್ಲಿ ಒಂದು ಸಾಲಿನ ಧನ್ಯವಾದ ಸಾಕು.

ಹೆಸರಿನ ಮುಂದಿನ ಬಿರುದನ್ನು ನಾನು ಎಂದೂ ಬದಲಿಸುವುದಿಲ್ಲ. ಇಲ್ಲಿ ಮಂತ್ರಿಗಳಿಗೆ 'ಮಆಲಿ', ವಾಲಿಗಳಿಗೂ ಚುನಾಯಿತ ಸಲಹಾ ಮಂಡಳಿಯಾದ ಶೂರಾದ ಸದಸ್ಯರಿಗೂ 'ಸಆದ', ರಾಜ್ಯ ಪರಿಷತ್ತಿನ ಸದಸ್ಯರಿಗೆ 'ಅಲ್ ಮುಕರ್ರಮ್'. ಎಲ್ಲವನ್ನೂ ಕನ್ನಡಕ್ಕೆ 'ಮಾನ್ಯ' ಎಂದು ತಂದುಕೊಂಡು ಮತ್ತೆ ಅರಬ್ಬಿಗೆ ತಿರುಗಿಸಿದರೆ ಮಂತ್ರಿಯ ಸ್ಥಾನವೇ ಇಳಿದುಬಿಡಬಹುದು. ನಮ್ಮ ಅತಿಥಿ ಒಬ್ಬ ವಾಲಿ, ಅಂದರೆ ನಮ್ಮ ತಾಲ್ಲೂಕಿನಂಥ ಒಂದು ವಿಲಾಯತ್‌ನ ಆಡಳಿತಗಾರರು. ಬ್ಯಾನರ್‌ನಲ್ಲಿ 'ಸಆದ' ಎಂದೇ ಇತ್ತು.

ಹಾಗಂತ ಬ್ಯಾನರ್‌ನ ಸಾಲನ್ನು ಹಾಗೇ ಇಳಿಸಿಕೊಂಡರೂ ತಪ್ಪಾಗುತ್ತದೆ. ಅರಬ್ಬಿಯಲ್ಲೂ ವಿಭಕ್ತಿ ಇದೆ. ಬ್ಯಾನರ್‌ನ ಸಾಲನ್ನು ಪೂರ್ತಿ ಉಚ್ಚರಿಸಿದರೆ 'ತಹ್ತ ರಿಆಯತಿ ಸಆದತಿಶ್ಶೈಖ್' ಆಗುತ್ತದೆ. ಅವರನ್ನೇ ಎದುರಿಗೆ ಕರೆಯುವಾಗ ಅದು 'ಸಆದತಶ್ಶೈಖ್'. 'ತಿ' ಹೋಗಿ 'ತ' ಬರಬೇಕು. ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯದ ಕಾರಣ ಅಚ್ಚಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಅರಬ್ಬಿ ಗೊತ್ತಿರುವವರು ಓದುವಾಗ ಸ್ವರ ಸೇರಿಸಿಕೊಳ್ಳುತ್ತಾರೆ. ನಮ್ಮ ಮ್ಯಾನೇಜರ್ ಓದುವುದು ಕನ್ನಡ ಅಕ್ಷರದಲ್ಲಿ. ಅಲ್ಲಿ ನಾನು ಬರೆದ ಸ್ವರವೇ ಅವರ ಬಾಯಲ್ಲಿ ಬರುತ್ತದೆ, ಅಲ್ವಾ?

ಆಮೇಲೆ ಪಟ್ಟಿ ನೋಡಿದೆವು. "ಸ್ವಾಗತ, ವಿಡಿಯೋ ಎರಡೂ 10:10ಕ್ಕೇ ಇವೆಯಲ್ಲ?" ಎಂದರು. ಇರಲಿಲ್ಲ. ಇಲ್ಲಿ ಬಳಸುವ ಅಂಕಿಗಳಲ್ಲಿ ಐದು ನಮ್ಮ ಸೊನ್ನೆಯ ಹಾಗಿರುತ್ತದೆ. ನಿಜವಾದ ಸೊನ್ನೆ ಬರೀ ಒಂದು ಚುಕ್ಕೆ. ಅವರು ಎರಡನೆಯ 10:10 ಎಂದುಕೊಂಡದ್ದು 10:15. ಫೋಟೋ ಮಸುಕಾದರೆ ಸೊನ್ನೆಯ ಚುಕ್ಕೆ ಅಳಿಸಿಹೋಗಿ ಹತ್ತು ಒಂದಾಗಿಬಿಡುತ್ತದೆ. ಅದಕ್ಕೇ ನಾನು ಪ್ರತಿ ಸಮಯವನ್ನೂ ಅದರ ಹಿಂದಿನ, ಮುಂದಿನ ಸಾಲುಗಳ ಜೊತೆ ಹೋಲಿಸಿ ನೋಡುತ್ತೇನೆ.

ಹಾಗಾದರೆ ಸ್ವಾಗತಕ್ಕೆ ಐದು ನಿಮಿಷ. ಅದರ ಮುಂಚೆ ಕುರ್‌ಆನ್ ಪಠಣ, ನಂತರ ಕಟ್ಟಡದ ವಿಡಿಯೋ, ಆಮೇಲೆ ವಾಲಿಯವರ ಕೈಯಿಂದ ರಿಬ್ಬನ್ ಕತ್ತರಿಸುವುದು. ಹಾಗಾಗಿ ಕಟ್ಟಡದ ಕಥೆಯನ್ನು ಭಾಷಣದಲ್ಲಿ ಹೇಳಬೇಕಿಲ್ಲ, ಅದನ್ನು ವಿಡಿಯೋ ಹೇಳುತ್ತದೆ. 'ಈ ಕಟ್ಟಡವನ್ನು ಉದ್ಘಾಟಿಸುತ್ತಿದ್ದೇವೆ' ಎಂದೂ ಹೇಳುವ ಹಾಗಿಲ್ಲ. ಆ ಕೆಲಸ ಅತಿಥಿಯದು. ಸ್ವಾಗತ, ಮೂರು ಸಾಲಿನಲ್ಲಿ ಕ್ಲಿನಿಕ್‌ನ ಪರಿಚಯ, ಧನ್ಯವಾದ, ಇಷ್ಟೇ ಉಳಿಯಿತು. ನಡುವೆ ಉಸಿರಾಡಲು, ತಡವರಿಸಿದರೆ ಮತ್ತೆ ಹಿಡಿಯಲು ಜಾಗ ಬೇಕೆಂದು ಮೂರು ನಿಮಿಷಕ್ಕೆ ಆಗುವಷ್ಟು ಮಾತ್ರ ಬರೆದೆ.

ಶುರು ಹೇಗೆ ಎಂದು ಅವರನ್ನೇ ಕೇಳಿದೆ. ಔಪಚಾರಿಕ ಭಾಷಣ ಸಾಮಾನ್ಯವಾಗಿ 'ಬಿಸ್ಮಿಲ್ಲಾಹ್'ನಿಂದ ಶುರುವಾಗುತ್ತದೆ. ಅವರು ಮುಸ್ಲಿಮರಲ್ಲ. ಮನಸ್ಸಿಗೆ ಸರಿ ಬಂದರೆ ಹೇಳಬಹುದು, ಇಲ್ಲದಿದ್ದರೆ ಸಂಬೋಧನೆ ಮುಗಿಸಿ 'ಅಸ್ಸಲಾಮು ಅಲೈಕುಮ್' ಅಂದರೆ ಸಾಕು ಎಂದೆ. ಅವರು ಎರಡನೆಯದನ್ನು ಆರಿಸಿಕೊಂಡರು. ನಂತರದ ಸಾಲು: 'ಯಸುರ್‍ರುನಾ ಅನ್ ನುರಹ್ಹಿಬ ಬಿಕುಮ್', ನಿಮ್ಮನ್ನು ಸ್ವಾಗತಿಸಲು ನಮಗೆ ಸಂತೋಷ.

ರಾತ್ರಿ ಹೊಸ ಫೋಟೋ ಬಂತು. ಹೆಸರು ಪೂರ್ತಿ ಕಾಣುತ್ತಿತ್ತು. ಅದನ್ನು ಸೇರಿಸಿ ಕಳಿಸಿದೆ. ಜೊತೆಗೆ ಸಂಬೋಧನೆಯ ಇನ್ನೊಂದು ಸಾಲನ್ನೂ ಬರೆದುಕೊಟ್ಟೆ. ಬ್ಯಾನರ್‌ನಲ್ಲಿ ಹೆಸರಿದ್ದ ಮಾತ್ರಕ್ಕೆ ಪೋಷಕರು ಖುದ್ದಾಗಿ ಬರುತ್ತಾರೆ ಎಂದಲ್ಲ. ಪ್ರತಿನಿಧಿಯನ್ನು ಕಳಿಸುವುದೂ ಇದೆ. ಆಗ ಮೊದಲು ಬಂದವರನ್ನು ಸಂಬೋಧಿಸಿ, 'ನಿಯಾಬತನ್ ಅನ್', ಅಂದರೆ 'ಇಂಥವರ ಪರವಾಗಿ' ಎಂದು ವಾಲಿಯವರ ಹೆಸರು ಹೇಳಬೇಕು. ಪ್ರತಿನಿಧಿಯ ಹೆಸರಿಗೆ ಜಾಗ ಖಾಲಿ ಬಿಟ್ಟಿದ್ದೆ.

ಮರುದಿನ 9:40ಕ್ಕೆ ಅವರ ಫೋನ್ ಬಂತು. ಬರುವವರು ವಾಲಿಯವರ ಸಹಾಯಕರು. ಹೆಸರನ್ನು ಎರಡು ಸಲ ನಿಧಾನವಾಗಿ ಹೇಳಿಕೊಟ್ಟೆ, ಅವರು ಖಾಲಿ ಜಾಗದಲ್ಲಿ ಪೆನ್ಸಿಲ್‌ನಿಂದ ಬರೆದುಕೊಂಡರು.